ಲ್ಯಾಪ್‌ಟಾಪಿನ ನಿಜವಾದ ಬೆಲೆ ಎಷ್ಟು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಗೋಷ್ಠಿಯ ಸಂಚಾಲಕರು ನನಗೆ ಫೋನ್ ಮಾಡಿ, "ನೀವು ಮಾಡುವ ಕೆಲಸದಲ್ಲಿ ಊರಿನವರಿಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ಹೇಳಿ" ಎಂದರು. ನಾನು ಜಿಲ್ಲಾ ಕೇಂದ್ರದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೇನೆ. ಜೂನ್, ಜುಲೈ ಬಂತೆಂದರೆ ಪಿಯುಸಿ ಮುಗಿಸಿ ಡಿಪ್ಲೊಮಾಗೋ ಇಂಜಿನಿಯರಿಂಗಿಗೋ ಸೇರಿದ ಮಕ್ಕಳನ್ನು ಕರೆದುಕೊಂಡು ತಂದೆ ತಾಯಿ ಬರುತ್ತಾರೆ. ದಸರಾ, ದೀಪಾವಳಿಗೆ ಇನ್ನೊಂದು ಸುತ್ತು. ಬಂದವರ ಕೈಯಲ್ಲಿ ಒಂದು ಜಾಹೀರಾತು ಇರುತ್ತದೆ, ಅದರಲ್ಲಿ ದಪ್ಪಕ್ಷರದಲ್ಲಿ ಒಂದು ಬೆಲೆ ಇರುತ್ತದೆ, ಮನೆಯಲ್ಲಿ ಅಷ್ಟೇ ದುಡ್ಡು ಹೊಂದಿಸಿಕೊಂಡು ಬಂದಿರುತ್ತಾರೆ. ಬಿಲ್ಲು ಮಾತ್ರ ಆ ಮೊತ್ತಕ್ಕೆ ಬರುವುದಿಲ್ಲ. ಯಾರೂ ಸುಳ್ಳು ಹೇಳಿರುವುದಿಲ್ಲ, ಆದರೂ ಲೆಕ್ಕ ಹೊಂದುವುದಿಲ್ಲ. ಹೀಗೆ ಏಕಾಗುತ್ತದೆ ಎನ್ನುವುದೇ ನನ್ನ ಇವತ್ತಿನ ಮಾತು. ಇದಕ್ಕೆ ನಮ್ಮ ಶಾಲೆಯ ಎಂಟನೇ ತರಗತಿಯ ಶೇಕಡಾ ಲೆಕ್ಕ ಬಂದರೆ ಸಾಕು.

ಮೊದಲು ಬೋರ್ಡಿನ ಮೇಲೆ ಒಂದು ಜಾಹೀರಾತು ಬರೆಯುತ್ತೇನೆ. ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡವು. ಷರತ್ತುಗಳು ಮಾತ್ರ ಎಲ್ಲ ಕಡೆ ಕಾಣುವಂಥವೇ.

ಲ್ಯಾಪ್‌ಟಾಪಿನ ಬೆಲೆ 52,000 ರೂ. ಕೂಪನ್ 2,000 ರೂ. ಹಳೆಯ ಲ್ಯಾಪ್‌ಟಾಪಿಗೆ 5,500 ರೂ., ಅದರ ಮೇಲೆ ಎಕ್ಸ್‌ಚೇಂಜ್ ಬೋನಸ್ 2,500 ರೂ., ಒಟ್ಟು 8,000 ರೂ. ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ಶೇ. 10 ಕ್ಯಾಶ್‌ಬ್ಯಾಕ್, ಗರಿಷ್ಠ 5,000 ರೂ. ಇದೆಲ್ಲದರ ಕೆಳಗೆ ದಪ್ಪಕ್ಷರದಲ್ಲಿ: "ನಿಮಗೆ ಬೀಳುವ ಬೆಲೆ ಕೇವಲ 37,000 ರೂ.!" ಅದರ ಪಕ್ಕದಲ್ಲಿ ಒಂದು ಚುಕ್ಕಿ. ಆ ಚುಕ್ಕಿಯ ಅರ್ಥ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ: ಕಾರ್ಡಿನ ಕೊಡುಗೆಗೆ ಕನಿಷ್ಠ ಪಾವತಿ 40,000 ರೂ., ಷರತ್ತುಗಳು ಅನ್ವಯ.

ಜಾಹೀರಾತಿನವರು ಮಾಡಿದ ಲೆಕ್ಕ ಸರಳ. 52,000ದಲ್ಲಿ ಕೂಪನ್ 2,000 ಕಳೆ, ಹಳೆಯದರ 8,000 ಕಳೆ, ಕ್ಯಾಶ್‌ಬ್ಯಾಕ್ 5,000 ಕಳೆ. ಉಳಿದದ್ದು 37,000. ಪ್ರತಿಯೊಂದು ಕೊಡುಗೆಯ ಅತಿ ದೊಡ್ಡ ಅಂಕಿಯನ್ನು ತೆಗೆದುಕೊಂಡು ಒಟ್ಟಿಗೆ ಕಳೆದಿದ್ದಾರೆ. ಆದರೆ ಅಂಗಡಿಯ ಕಂಪ್ಯೂಟರು ಒಟ್ಟಿಗೆ ಕಳೆಯುವುದಿಲ್ಲ, ಒಂದಾದ ಮೇಲೆ ಒಂದು ಕಳೆಯುತ್ತದೆ. ಹಾಗೆ ಕಳೆಯುವಾಗ ಯಾವುದು ಮೊದಲು ಎನ್ನುವುದು ಮುಖ್ಯವಾಗುತ್ತದೆ.

ಇದನ್ನು ಸಣ್ಣ ಅಂಕಿಯಲ್ಲಿ ನೋಡೋಣ. ಒಂದು ವಸ್ತುವಿನ ಬೆಲೆ 10,000 ರೂ. ಅದಕ್ಕೆ 1,000 ರೂ. ಕೂಪನ್ ಮತ್ತು ಶೇ. 10 ರಿಯಾಯಿತಿ ಇವೆ. ಮೊದಲು ಕೂಪನ್ ಕಳೆದರೆ 9,000, ಅದರ ಶೇ. 10 ಎಂದರೆ 900, ಕೊನೆಗೆ 8,100. ಮೊದಲು ಶೇಕಡಾ ಕಳೆದರೆ 10,000ದ ಶೇ. 10 ಎಂದರೆ 1,000, ಉಳಿದದ್ದು 9,000, ಆಮೇಲೆ ಕೂಪನ್ ಕಳೆದರೆ 8,000. ಎರಡರ ನಡುವೆ 100 ರೂಪಾಯಿ ವ್ಯತ್ಯಾಸ. ಆ 100 ಎಲ್ಲಿಂದ ಬಂತು? ಕೂಪನ್ನಿನ 1,000ದ ಶೇ. 10 ಅದು. ಮೊದಲೇ ಕಳೆದುಹೋದ ಹಣಕ್ಕೆ ಶೇಕಡಾ ಸಿಗುವುದಿಲ್ಲ, ಅಷ್ಟೇ ಸಂಗತಿ. ಎರಡೂ ಇಂತಿಷ್ಟು ರೂಪಾಯಿ ಎಂದಿದ್ದರೆ ಯಾವುದನ್ನು ಮೊದಲು ಕಳೆದರೂ ಒಂದೇ. ಎರಡೂ ಬರೀ ಶೇಕಡಾ ಇದ್ದರೂ ಒಂದೇ. ಒಂದು ರೂಪಾಯಿ ಲೆಕ್ಕ, ಇನ್ನೊಂದು ಶೇಕಡಾ ಲೆಕ್ಕ ಆದಾಗ ಮಾತ್ರ ಹಿಂದುಮುಂದಾದರೆ ಉತ್ತರ ಬದಲಾಗುತ್ತದೆ.

ಹಾಗಾದರೆ ಲ್ಯಾಪ್‌ಟಾಪಿನ ವಿಷಯದಲ್ಲಿ ಈ ಕ್ರಮವನ್ನು ನಿರ್ಧರಿಸುವವರು ಯಾರು? ಮೂರು ಕೊಡುಗೆಗಳ ಹಣ ಮೂರು ಬೇರೆ ಬೇರೆ ಜೇಬಿನಿಂದ ಬರುತ್ತದೆ ಎನ್ನುವುದನ್ನು ನೆನಪಿಟ್ಟುಕೊಂಡರೆ ಇದು ತಾನಾಗಿಯೇ ತಿಳಿಯುತ್ತದೆ.

ಕೂಪನ್ ಕೊಡುವವನು ಮಾರುವವನು. ಅವನು ತನ್ನ ಬೆಲೆಯನ್ನೇ ಇಳಿಸುತ್ತಿದ್ದಾನೆ. ಹಾಗಾಗಿ ಅದು ಎಲ್ಲಕ್ಕಿಂತ ಮೊದಲು ಕಳೆಯುತ್ತದೆ, ಬಿಲ್ಲಿನಲ್ಲೇ ಬೆಲೆ 50,000 ಆಗುತ್ತದೆ. ಲ್ಯಾಪ್‌ಟಾಪಿಗೆ ಇರುವ ಶೇ. 18 ಜಿಎಸ್‌ಟಿ ಈ 50,000ದ ಒಳಗೇ ಸೇರಿರುತ್ತದೆ.

ಎಕ್ಸ್‌ಚೇಂಜ್ ಹಾಗಲ್ಲ. ನಮ್ಮ ತಾಯಂದಿರು ಹಳೆಯ ತಾಮ್ರದ ಹಂಡೆ ಕೊಟ್ಟು ಹೊಸ ಸ್ಟೀಲ್ ಪಾತ್ರೆ ತರುತ್ತಿದ್ದರು. ಪಾತ್ರೆಯ ಬೆಲೆ ಅದರಿಂದ ಇಳಿಯುತ್ತಿರಲಿಲ್ಲ. ಹಣದ ಒಂದು ಭಾಗವನ್ನು ಹಂಡೆಯ ರೂಪದಲ್ಲಿ ಕೊಡುತ್ತಿದ್ದರು. ಇದೂ ಹಾಗೆಯೇ. ಜಿಎಸ್‌ಟಿ ನಿಯಮಗಳಲ್ಲಿ 27ನೇ ನಿಯಮ ಇದನ್ನೇ ಉದಾಹರಣೆ ಕೊಟ್ಟು ಹೇಳುತ್ತದೆ: ಹಳೆಯ ಫೋನು ತೆಗೆದುಕೊಂಡು ಹೊಸ ಫೋನನ್ನು 20,000ಕ್ಕೆ ಕೊಟ್ಟರೂ, ಹಳೆಯದು ಇಲ್ಲದೆ ಅದರ ಬೆಲೆ 24,000 ಆಗಿದ್ದರೆ, ಹೊಸ ಫೋನಿನ ಮೌಲ್ಯ 24,000ವೇ. ಆದ್ದರಿಂದ ನಮ್ಮ ಲ್ಯಾಪ್‌ಟಾಪಿನ ಮೌಲ್ಯ 50,000ವೇ. ಅದರಲ್ಲಿ 8,000ವನ್ನು ಹಳೆಯ ಲ್ಯಾಪ್‌ಟಾಪಿನಿಂದಲೂ 42,000ವನ್ನು ಹಣದಿಂದಲೂ ಕೊಡುತ್ತಿದ್ದೀರಿ.

ಮೂರನೆಯವನು ಬ್ಯಾಂಕಿನವನು. ಅವನಿಗೆ ನಿಮ್ಮ ಲ್ಯಾಪ್‌ಟಾಪಿನ ಬೆಲೆ ಬೇಡ, ಹಳೆಯದರ ಸಂಗತಿಯೂ ಬೇಡ. ತನ್ನ ಕಾರ್ಡಿನ ಮೂಲಕ ಎಷ್ಟು ಹಣ ಹೋಯಿತು ಎನ್ನುವುದೊಂದೇ ಅವನ ಕಣ್ಣಿಗೆ ಬೀಳುವುದು. ಹೋದದ್ದು 42,000. ಅದರ ಶೇ. 10 ಎಂದರೆ 4,200. ಆದ್ದರಿಂದ ನಿಮಗೆ ಕೊನೆಗೆ ಬಿದ್ದ ಬೆಲೆ 42,000 ಕಳೆ 4,200, ಅಂದರೆ 37,800 ರೂ. ಜಾಹೀರಾತಿನ ಬೆಲೆಗಿಂತ 800 ಹೆಚ್ಚು. 37,000 ನಿಜವಾಗಬೇಕಾದರೆ ಕಾರ್ಡನ್ನು 50,000ಕ್ಕೆ ಉಜ್ಜಿ, 5,000 ಕ್ಯಾಶ್‌ಬ್ಯಾಕಿಗೆ ಅರ್ಹತೆ ಪಡೆದು, ಹಳೆಯದರ 8,000ವನ್ನು ಆಮೇಲೆ ಪಡೆಯಬೇಕು.

ಇದು ಅಸಾಧ್ಯವೇನಲ್ಲ. ಕೆಲವು ಅಂಗಡಿಗಳಲ್ಲಿ ಹೊಸದಕ್ಕೆ ಪೂರ್ತಿ ಬಿಲ್ಲು ಮಾಡಿ, ಹಳೆಯದನ್ನು ಪರೀಕ್ಷಿಸಿದ ಮೇಲೆ ಅದರ ಹಣವನ್ನು ನಿಮ್ಮ ಬ್ಯಾಂಕ್ ಖಾತೆಗೆ ಹಾಕುವ ಪದ್ಧತಿ ಇದೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: "ಹಳೆಯದರ ಹಣವನ್ನು ಬಿಲ್ಲಿನಲ್ಲೇ ಮುರಿದುಕೊಳ್ಳುತ್ತೀರೋ, ಆಮೇಲೆ ಖಾತೆಗೆ ಹಾಕುತ್ತೀರೋ?" ನಮ್ಮ ಉದಾಹರಣೆಯಲ್ಲಿ ಈ ಒಂದು ಪ್ರಶ್ನೆಯ ಬೆಲೆ 800 ರೂಪಾಯಿ. ಆದರೆ ಆ ದಾರಿಯಲ್ಲಿ ಹೋಗಲು ಕಾರ್ಡಿನಲ್ಲಿ 50,000ದ ಮಿತಿ ಇರಬೇಕು, ಖಾತೆಗೆ ಹಣ ಬರುವ ತನಕ ಕಾಯುವ ತಾಳ್ಮೆಯೂ ಇರಬೇಕು.

ಇನ್ನು ಆ ಸಾಸಿವೆ ಕಾಳಿನ ಅಕ್ಷರಕ್ಕೆ ಬರೋಣ. "ಕನಿಷ್ಠ ಪಾವತಿ 40,000 ರೂ." 800 ರೂಪಾಯಿಯ ವ್ಯತ್ಯಾಸವನ್ನಾದರೂ ಸಹಿಸಿಕೊಳ್ಳಬಹುದು, ನಿಜವಾದ ಪೆಟ್ಟು ಬೀಳುವುದು ಇಲ್ಲಿ.

ಇನ್ನೊಂದು ಕೂಪನ್ ಸಿಕ್ಕಿತು ಎಂದುಕೊಳ್ಳಿ, 2,000ದ ಬದಲು 4,500 ರೂಪಾಯಿಯದು. ಯಾರಾದರೂ ದೊಡ್ಡದನ್ನೇ ಹಾಕುತ್ತಾರೆ. ಲೆಕ್ಕ ನೋಡಿ. 52,000ದಲ್ಲಿ 4,500 ಹೋದರೆ 47,500. ಹಳೆಯದರ 8,000 ಹೋದರೆ 39,500. ಕಾರ್ಡಿನಲ್ಲಿ ಹೋಗುವ ಹಣ 40,000ಕ್ಕಿಂತ 500 ಕಡಿಮೆ. ಕ್ಯಾಶ್‌ಬ್ಯಾಕ್ ಸೊನ್ನೆ. 500 ಕಡಿಮೆಯಾದದ್ದಕ್ಕೆ 50 ರೂಪಾಯಿ ಕಡಿಮೆ ಕೊಡುವುದಲ್ಲ, ಪೂರ್ತಿ ಸೊನ್ನೆ. ನಿಮಗೆ ಬಿದ್ದ ಬೆಲೆ 39,500. ಚಿಕ್ಕ ಕೂಪನ್ ಹಾಕಿದ್ದರೆ 37,800 ಬೀಳುತ್ತಿತ್ತು. ಕೂಪನ್ 2,500 ರೂಪಾಯಿ ದೊಡ್ಡದಾದ್ದರಿಂದ ಲ್ಯಾಪ್‌ಟಾಪ್ 1,700 ರೂಪಾಯಿ ದುಬಾರಿಯಾಯಿತು!

ಇದನ್ನು ಬಿಲ್ಲಿಂಗ್ ಕೌಂಟರಿನಲ್ಲಿ ನಾನು ಹಲವು ಸಲ ನೋಡಿದ್ದೇನೆ. ಎಲ್ಲ ರಿಯಾಯಿತಿಯೂ ಸಿಕ್ಕಿತು ಎಂದು ಸಂತೋಷದಿಂದ ಹೋದವರು ಮೂರು ತಿಂಗಳ ಮೇಲೆ ಬಂದು, "ಕ್ಯಾಶ್‌ಬ್ಯಾಕ್ ಇನ್ನೂ ಬಂದಿಲ್ಲವಲ್ಲ ಸಾರ್" ಎಂದು ಕೇಳುತ್ತಾರೆ. ಬರುವುದಿಲ್ಲ. ಕಾರ್ಡಿನ ಚೀಟಿಯಲ್ಲಿ 39,500 ಎಂದು ಮುದ್ರಿತವಾದ ದಿನವೇ ಅದು ಹೋಗಿತ್ತು.

ಈ ಗೆರೆಯ ಸ್ವಲ್ಪ ಕೆಳಗೆ ಸಿಕ್ಕಿಬಿದ್ದಾಗ ಎರಡು ದಾರಿ ಇವೆ. ಒಂದು, ಚಿಕ್ಕ ಕೂಪನ್ ಹಾಕುವುದು. ಇನ್ನೊಂದು, ಹೇಗೂ ಬೇಕಾಗುವ ಚಿಕ್ಕ ವಸ್ತುವೊಂದನ್ನು ಅದೇ ಬಿಲ್ಲಿಗೆ ಸೇರಿಸುವುದು. 600 ರೂಪಾಯಿಯ ಮೌಸ್ ಒಂದನ್ನು ಸೇರಿಸಿದರೆ ಕಾರ್ಡಿನ ಪಾವತಿ 40,100 ಆಗುತ್ತದೆ. ಅದರ ಶೇ. 10 ಎಂದರೆ 4,010. ಕೊನೆಗೆ ಬೀಳುವುದು 36,090 ರೂ., ಮೌಸ್ ಸಮೇತ. ಆದರೆ ಕನಿಷ್ಠ ಪಾವತಿಯನ್ನು ಪೂರ್ತಿ ಬಿಲ್ಲಿಗೆ ಲೆಕ್ಕ ಹಾಕುತ್ತಾರೋ, ಲ್ಯಾಪ್‌ಟಾಪ್ ಒಂದಕ್ಕೇ ಹಾಕುತ್ತಾರೋ ಎಂದು ಷರತ್ತಿನಲ್ಲಿ ಓದಿಕೊಳ್ಳಬೇಕು. ಎರಡೂ ಬಗೆಯವು ಇರುತ್ತವೆ.

ಈಗ ಹಳೆಯ ಲ್ಯಾಪ್‌ಟಾಪಿನ ವಿಷಯ. ಜಾಹೀರಾತಿನಲ್ಲಿ ಅದರ ಬೆಲೆ 8,000 ಎಂದಿದೆ. ನಿಮಗೆ ಅದರಿಂದ ಆಗುವ ಲಾಭ 8,000ವೇ? ಅದನ್ನು ಕೊಡದೆ ಹೊಸದನ್ನು ಕೊಂಡರೆ ಏನಾಗುತ್ತದೆ ನೋಡಿ. 52,000ದಲ್ಲಿ ಕೂಪನ್ 2,000 ಹೋಗಿ 50,000. ಕಾರ್ಡಿನ ಶೇ. 10 ಎಂದರೆ 5,000. ಬೀಳುವ ಬೆಲೆ 45,000. ಹಳೆಯದನ್ನು ಬಿಲ್ಲಿನಲ್ಲಿ ಮುರಿದರೆ 37,800. ಎರಡರ ವ್ಯತ್ಯಾಸ 7,200. ಅಂದರೆ ಹಳೆಯ ಲ್ಯಾಪ್‌ಟಾಪಿಗೆ ಅವರು ನಿಜವಾಗಿ ಕೊಡುತ್ತಿರುವುದು 7,200. ಉಳಿದ 800 ಕ್ಯಾಶ್‌ಬ್ಯಾಕಿನಲ್ಲಿ ಕರಗಿತು. ಪಕ್ಕದ ಪೇಟೆಯ ರಿಪೇರಿ ಅಂಗಡಿಯವರು ಅದೇ ಹಳೆಯದಕ್ಕೆ 6,000 ಕೊಡುತ್ತೇನೆ ಎಂದರೆ ಎಕ್ಸ್‌ಚೇಂಜೇ ಮೇಲು, 1,200 ಉಳಿಯುತ್ತದೆ. 7,500 ಕೊಡುತ್ತೇನೆ ಎಂದರೆ ಅವರಿಗೇ ಕೊಡಿ. 8,000 ಎನ್ನುವ ಅಂಕಿಯ ಜೊತೆ ಹೋಲಿಸಿದರೆ ತಪ್ಪಾಗುತ್ತದೆ, 7,200ರ ಜೊತೆ ಹೋಲಿಸಬೇಕು.

ಆ 8,000ದಲ್ಲಿ ಎರಡು ತುಂಡುಗಳಿವೆ ಎಂದೂ ಗಮನಿಸಿ. 5,500 ಹಳೆಯದರ ಸ್ಥಿತಿಯನ್ನು ನೋಡಿ ಕೊಡುವುದು. ಬೋನಸ್ಸಿನ 2,500 ನೀವು ಕೊಳ್ಳುವ ಹೊಸ ಮಾಡೆಲ್ ನೋಡಿ ಕೊಡುವುದು. ಹೊಸ ಲ್ಯಾಪ್‌ಟಾಪಿನ ಮಾಡೆಲ್ ಬದಲಿಸಿದರೆ ಬೋನಸ್ ಇಲ್ಲವಾಗಬಹುದು. ಹಳೆಯದು ಒಪ್ಪಿಗೆಯಾಗದಿದ್ದರೆ ಎರಡೂ ಇಲ್ಲ.

ಮನೆಗೆ ತರಿಸಿಕೊಳ್ಳುವವರು ಈ ಕೊನೆಯ ಮಾತನ್ನು ಚೆನ್ನಾಗಿ ಕೇಳಿಸಿಕೊಳ್ಳಬೇಕು. ಆರ್ಡರ್ ಮಾಡುವಾಗ "ಆನ್ ಆಗುತ್ತದೆಯೇ? ಪರದೆ ಒಡೆದಿದೆಯೇ? ಕೀಲಿಗಳೆಲ್ಲ ಕೆಲಸ ಮಾಡುತ್ತವೆಯೇ?" ಎಂದು ಕೇಳುತ್ತಾರೆ, ನಾವು ಉತ್ತರ ಒತ್ತುತ್ತೇವೆ. ಅದರ ಮೇಲೆ 8,000 ಮುರಿದು 42,000 ಕಾರ್ಡಿನಿಂದ ತೆಗೆದುಕೊಳ್ಳುತ್ತಾರೆ. ಪರೀಕ್ಷೆ ನಡೆಯುವುದು ಹೊಸದು ಬಾಗಿಲಿಗೆ ಬಂದ ದಿನ. ತಂದವನು ಹಳೆಯದನ್ನು ತೆರೆದು ನೋಡಿ, ಪರದೆಯ ಮೂಲೆಯಲ್ಲಿ ಗೆರೆ ಇದೆ, ಆಗುವುದಿಲ್ಲ ಎಂದರೆ, ಕೆಲವು ಕಡೆ ಆರ್ಡರೇ ರದ್ದು. ಇನ್ನು ಕೆಲವು ಕಡೆ ವ್ಯತ್ಯಾಸದ 8,000ವನ್ನು ಅಲ್ಲೇ ಕೊಟ್ಟು ಹೊಸದನ್ನು ಇಟ್ಟುಕೊಳ್ಳಬಹುದು. ಹಾಗೆ ಕೊಟ್ಟ 8,000 ಆ ಮೊದಲ ಕಾರ್ಡ್ ಪಾವತಿಗೆ ಸೇರುವುದಿಲ್ಲ, ಅದಕ್ಕೆ ಕ್ಯಾಶ್‌ಬ್ಯಾಕ್ ಇಲ್ಲ. ಒಟ್ಟು ಕೊಟ್ಟದ್ದು 50,000, ವಾಪಸು ಬರುವುದು 4,200, ಬಿದ್ದ ಬೆಲೆ 45,800. ಮೊದಲೇ ಎಕ್ಸ್‌ಚೇಂಜ್ ಬೇಡ ಎಂದಿದ್ದರೆ 45,000ಕ್ಕೆ ಸಿಗುತ್ತಿತ್ತು. ದುಡ್ಡು 800 ಹೆಚ್ಚು ಹೋದದ್ದು ಒಂದು ಕಡೆ ಇರಲಿ, ಬಾಗಿಲಲ್ಲಿ ನಿಂತವನಿಗೆ ತಕ್ಷಣ 8,000 ಎಲ್ಲಿಂದ ತರುವುದು? ಡೈರಿಯ ಬಟವಾಡೆ ಇನ್ನೂ ನಾಲ್ಕು ದಿನ ಇದೆ ಎನ್ನುವ ಮನೆಗೆ ಇದು ಸಣ್ಣ ತಾಪತ್ರಯವಲ್ಲ. ಆದ್ದರಿಂದ ಹಳೆಯದರ ಪರದೆ, ಕೀಲಿಗಳು, ಬ್ಯಾಟರಿ, ಚಾರ್ಜರ್ ಇಷ್ಟನ್ನು ಬೆಳಕಿನಲ್ಲಿಟ್ಟು ನೋಡಿದ ಮೇಲೆಯೇ ಉತ್ತರ ಒತ್ತಿ. ಅನುಮಾನವಿದ್ದರೆ ಹಳೆಯದನ್ನು ಅಂಗಡಿಗೇ ತೆಗೆದುಕೊಂಡು ಹೋಗಿ, ಬಿಲ್ಲಿಗೆ ಮೊದಲೇ ಪರೀಕ್ಷೆ ಮಾಡಿಸಿ.

ಕೊನೆಯದು ಕ್ಯಾಶ್‌ಬ್ಯಾಕ್. ಇದರ ಹೆಸರಿನಲ್ಲೇ ಅರ್ಥವಿದೆ: ಮೊದಲು ಪೂರ್ತಿ ಕೊಡಬೇಕು, ಆಮೇಲೆ ವಾಪಸು ಬರುತ್ತದೆ. ಪಾವತಿಯ ಹೊತ್ತಿನಲ್ಲೇ ಕಳೆಯುವುದಕ್ಕೆ ಇನ್‌ಸ್ಟಂಟ್ ಡಿಸ್ಕೌಂಟ್ ಎನ್ನುತ್ತಾರೆ. ಎರಡೂ ಶೇ. 10 ಆದರೂ ಒಂದೇ ಅಲ್ಲ. ಕ್ಯಾಶ್‌ಬ್ಯಾಕ್ ಎರಡು ಮೂರು ತಿಂಗಳಾದ ಮೇಲೆ ಕಾರ್ಡಿನ ಖಾತೆಗೆ ಜಮಾ ಆಗುವುದು ಸಾಮಾನ್ಯ. ಅಷ್ಟರೊಳಗೆ ಕಾರ್ಡಿನ ಬಿಲ್ಲು ಬರುತ್ತದೆ, ಅದರಲ್ಲಿ 42,000 ಇರುತ್ತದೆ, 37,800 ಅಲ್ಲ. ಗಡುವಿನೊಳಗೆ ಅಷ್ಟನ್ನೂ ಕಟ್ಟಲಾಗದೆ "ಕನಿಷ್ಠ ಮೊತ್ತ" ಮಾತ್ರ ಕಟ್ಟಿದರೆ, ಬಡ್ಡಿ ಕೊಂಡ ದಿನದಿಂದಲೇ ಶುರುವಾಗುತ್ತದೆ. ಹಲವು ಕಾರ್ಡುಗಳಲ್ಲಿ ಅದು ತಿಂಗಳಿಗೆ ಶೇ. 3ಕ್ಕಿಂತ ಹೆಚ್ಚು. ಶೇ. 3.5 ಎಂದಿಟ್ಟುಕೊಂಡರೆ 42,000ಕ್ಕೆ ತಿಂಗಳಿಗೆ 1,470 ರೂ., ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿ ಸುಮಾರು 1,735. ಬಾಕಿಯ ಹೆಚ್ಚಿನ ಪಾಲು ಹಾಗೆಯೇ ಉಳಿದರೆ ಎರಡೂವರೆ, ಮೂರು ತಿಂಗಳಲ್ಲಿ 4,200 ಪೂರ್ತಿ ಬಡ್ಡಿಗೆ ಹೋಗುತ್ತದೆ. ಕ್ಯಾಶ್‌ಬ್ಯಾಕ್ ಬರುವ ಹೊತ್ತಿಗೆ ಅದರ ಬೆಲೆ ತೀರಿರುತ್ತದೆ. ಗಡುವಿಗೆ 42,000 ಕೈಯಲ್ಲಿ ಇರುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಈ ಕೊಡುಗೆ ಲಾಭ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಮನೆಯಲ್ಲಿ ಕ್ರೆಡಿಟ್ ಕಾರ್ಡ್ ಇರುವುದಿಲ್ಲ, ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನೋ ಭಾವನೋ ತಮ್ಮ ಕಾರ್ಡಿನಲ್ಲಿ ಕೊಡಿಸುತ್ತಾರೆ. ಕ್ಯಾಶ್‌ಬ್ಯಾಕ್ ಜಮಾ ಆಗುವುದು ಕಾರ್ಡಿನವರಿಗೆ. ಅವರಿಗೆ ಈಗ 42,000 ಕೊಟ್ಟು, ಬಂದಾಗ 4,200 ವಾಪಸು ಕೊಡುವುದು ಎಂದು ಕೊಳ್ಳುವ ಮೊದಲೇ ಮಾತಾಡಿಕೊಂಡರೆ ಒಳ್ಳೆಯದು. ಮೊದಲೇ 37,800 ಮಾತ್ರ ಕೊಟ್ಟು, ಯಾವುದೋ ಷರತ್ತಿನಿಂದ ಕ್ಯಾಶ್‌ಬ್ಯಾಕ್ ಬರದೇ ಹೋದರೆ, ಉಪಕಾರ ಮಾಡಿದವರ ತಲೆಯ ಮೇಲೆ 4,200 ಬೀಳುತ್ತದೆ. ಲ್ಯಾಪ್‌ಟಾಪನ್ನು ಹಿಂದಿರುಗಿಸಿದರೆ ಕ್ಯಾಶ್‌ಬ್ಯಾಕ್ ಕೂಡ ಹಿಂದಕ್ಕೆ ಹೋಗುತ್ತದೆ ಎನ್ನುವುದನ್ನೂ ಹೇಳಿರಿ.

ಇಷ್ಟೂ ಲೆಕ್ಕವನ್ನು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮಾಡಬಹುದು. ಬೆಲೆ ಬರೆಯಿರಿ, ಕೂಪನ್ ಕಳೆಯಿರಿ. ಹಳೆಯದರ ಹಣ ಬಿಲ್ಲಿನಲ್ಲೇ ಹೋಗುವುದಾದರೆ ಅದನ್ನೂ ಕಳೆಯಿರಿ. ಈಗ ಉಳಿದ ಮೊತ್ತ ಕನಿಷ್ಠ ಪಾವತಿಯ ಗೆರೆಯ ಮೇಲಿದೆಯೋ ಕೆಳಗಿದೆಯೋ ನೋಡಿ. ಮೇಲಿದ್ದರೆ ಶೇಕಡಾ ಹಾಕಿ, ಗರಿಷ್ಠ ಮಿತಿ ದಾಟಿದರೆ ಮಿತಿಯನ್ನೇ ಬರೆಯಿರಿ. ಆಮೇಲೆ ಇದೇ ಪುಟದಲ್ಲಿ ಹಳೆಯದನ್ನು ಕೊಡದೆ ಇನ್ನೊಂದು ಸಲ ಮಾಡಿ, ಎರಡನ್ನೂ ಹೋಲಿಸಿ. ಕೊಳ್ಳುವ ದಿನ ಎಷ್ಟು ಹಣ ಹೊಂದಿಸಬೇಕು ಎನ್ನುವುದನ್ನು ಬೇರೆಯಾಗಿ ಬರೆದಿಡಿ, ಕ್ಯಾಶ್‌ಬ್ಯಾಕ್ ಸಿಗುವಾಗ ಅದು ಕೊನೆಗೆ ಬೀಳುವ ಬೆಲೆಗಿಂತ ದೊಡ್ಡದು.

ಮುಂದಿನ ಸಾಲಿನ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು ಮುಗಿಸುತ್ತೇನೆ. ಲ್ಯಾಪ್‌ಟಾಪಿನ ಬೆಲೆ 48,000 ರೂ. ಕೂಪನ್ 1,500. ಹಳೆಯದಕ್ಕೆ ಬೋನಸ್ ಸೇರಿ 7,000, ಬಿಲ್ಲಿನಲ್ಲೇ ಮುರಿಯುತ್ತಾರೆ. ಕಾರ್ಡಿಗೆ ಶೇ. 10 ಕ್ಯಾಶ್‌ಬ್ಯಾಕ್, ಕನಿಷ್ಠ ಪಾವತಿ 40,000, ಗರಿಷ್ಠ 4,000. ಹಳೆಯ ಲ್ಯಾಪ್‌ಟಾಪಿಗೆ ಅಂಗಡಿಯವರು ನಿಜವಾಗಿ ಕೊಡುತ್ತಿರುವುದು ಎಷ್ಟು? 7,000 ಅಲ್ಲ. ಉತ್ತರ 3,000 ಬರಬೇಕು. ಬಂದವರು ಈ ವರ್ಷ ಅಣ್ಣನಿಗೋ ಅಕ್ಕನಿಗೋ ಲ್ಯಾಪ್‌ಟಾಪ್ ತರಲು ಹೋಗುವಾಗ ಅಪ್ಪನ ಜೊತೆ ತಪ್ಪದೆ ಹೋಗಿ.